ಅಷ್ಟಾಂಗ ನಮಸ್ಕಾರದಲ್ಲಿ ಮಕ್ಕಳು ಯಾಕೆ ದಬ್ಬನೆ ಬೀಳುತ್ತಾರೆ?

ಪ್ರಶ್ನೆ: ನಾನು ದೈಹಿಕ ಶಿಕ್ಷಕ. ಏಳನೇ ತರಗತಿಯ ನಲವತ್ತು ಮಕ್ಕಳಿಗೆ ಸೂರ್ಯ ನಮಸ್ಕಾರ ಕಲಿಸುತ್ತಿದ್ದೇನೆ. ಒಂದು, ಎರಡು ಎಂದು ಎಣಿಸಿದರೆ ಹನ್ನೆರಡೂ ಹೆಜ್ಜೆ ಬರುತ್ತವೆ. ‘ಉಸಿರು ತಗೊಳ್ಳಿ, ಬಿಡಿ’ ಎಂದು ಸೇರಿಸಿದ ಕೂಡಲೇ ಎಲ್ಲ ಕಲಸಿಹೋಗುತ್ತದೆ. ಅಷ್ಟಾಂಗ ನಮಸ್ಕಾರದಲ್ಲಿ ಅರ್ಧ ತರಗತಿ ಹೊಟ್ಟೆಯ ಮೇಲೆ ಬೀಳುತ್ತದೆ. ಪರ್ವತಾಸನದಲ್ಲಿ ಹಿಮ್ಮಡಿ ನೆಲಕ್ಕೆ ಊರುವುದೇ ಇಲ್ಲ. ಮೂರ್ನಾಲ್ಕು ಸುತ್ತಿಗೆ ಕೆಲವರಿಗೆ ತಲೆ ಸುತ್ತುತ್ತದೆ. ಉಸಿರು ಅದಲು ಬದಲಾದರೆ ಹೃದಯಕ್ಕೆ ಅಪಾಯ ಎಂದು ಒಬ್ಬರು ಹೆದರಿಸಿದ್ದಾರೆ. ಒಂದೂವರೆ ತಿಂಗಳಲ್ಲಿ ಶಾಲಾ ಪ್ರದರ್ಶನವಿದೆ. ಯಾವುದನ್ನು ಮೊದಲು ಸರಿ ಮಾಡಲಿ?

ಉತ್ತರ: ಮೊದಲು ನಿಮ್ಮ ಎಣಿಕೆಯನ್ನೇ ನೋಡಿ ಸರ್. ಮಕ್ಕಳ ಉಸಿರು ಆಮೇಲೆ.

ಮೊಬೈಲಿನಲ್ಲಿ ಸಮಯ ಇಟ್ಟು ಒಂದು ಸುತ್ತು ಎಣಿಸಿ ನೋಡಿ. ಸಾಮಾನ್ಯವಾಗಿ ಪಿ.ಟಿ. ಮೇಷ್ಟ್ರ ಎಣಿಕೆ ಸೆಕೆಂಡಿಗೆ ಒಂದರಂತೆ ಓಡುತ್ತದೆ. ಹನ್ನೆರಡು ಹೆಜ್ಜೆ 12ರಿಂದ 15 ಸೆಕೆಂಡಿನಲ್ಲಿ ಮುಗಿಯುತ್ತದೆ. ಅಷ್ಟರಲ್ಲಿ ಮಗು ಐದು ಸಲ ಉಸಿರು ತೆಗೆದುಕೊಳ್ಳಬೇಕು: ಎರಡು, ನಾಲ್ಕು, ಏಳು, ಒಂಬತ್ತು ಮತ್ತು ಹನ್ನೊಂದನೇ ಹೆಜ್ಜೆಯಲ್ಲಿ. ಅಂದರೆ ಒಂದು ಸಲ ಒಳಗೆ ಎಳೆಯಲು ಸಿಗುವುದು ಸುಮಾರು ಒಂದು ಸೆಕೆಂಡು. ನಾವು ಹೇಳುವುದು ಮಾತ್ರ ‘ದೀರ್ಘವಾಗಿ ಉಸಿರು ತಗೊಳ್ಳಿ’ ಅಂತ. ಒಂದು ಸೆಕೆಂಡಿನಲ್ಲಿ ದೀರ್ಘ ಉಸಿರು ಎಲ್ಲಿಂದ ಬರಬೇಕು? ಮಗು ಅರ್ಧ ಎಳೆಯುವಷ್ಟರಲ್ಲಿ ಮುಂದಿನ ಅಂಕಿ ಬಂದಿರುತ್ತದೆ. ಎರಡು ಸುತ್ತು ಹೀಗೆ ಒದ್ದಾಡಿದ ಮೇಲೆ ಹೆಚ್ಚಿನ ಮಕ್ಕಳು ಸುಲಭದ ದಾರಿ ಹಿಡಿಯುತ್ತಾರೆ. ಉಸಿರು ಕಟ್ಟಿಕೊಂಡೇ ಹನ್ನೆರಡನ್ನೂ ಮುಗಿಸಿ, ಕೊನೆಗೆ ಉಸ್ಸಪ್ಪಾ ಎನ್ನುತ್ತಾರೆ.

ಹಾಗಂತ ತೀರಾ ನಿಧಾನ ಮಾಡಿದರೂ ಆಗುವುದಿಲ್ಲ. ಒಂದೊಂದು ಹೆಜ್ಜೆಗೆ ಐದು ಸೆಕೆಂಡು ಕೊಟ್ಟರೆ ನಿಮಿಷಕ್ಕೆ ಐದೇ ಉಸಿರು. ಸುಮ್ನೆ ಕುಳಿತಾಗಲೇ ಈ ವಯಸ್ಸಿನ ಮಕ್ಕಳು ನಿಮಿಷಕ್ಕೆ ಹೆಚ್ಚುಕಡಿಮೆ 16ರಿಂದ 20 ಸಲ ಉಸಿರಾಡುತ್ತಾರೆ. ಮೈ ಬಗ್ಗಿಸಿ ಎತ್ತುವಾಗ ಇನ್ನೂ ಜಾಸ್ತಿ ಬೇಕು. ವರ್ಷಗಟ್ಟಲೆ ಅಭ್ಯಾಸ ಮಾಡಿದ ದೊಡ್ಡವರ ನಿಧಾನಗತಿಯನ್ನು ಏಳನೇ ತರಗತಿಯ ಮೇಲೆ ಹೇರುವುದು ಸರಿಯಲ್ಲ. ನನಗೆ ಹೊಂದಿದ ಅಳತೆ ಹೆಜ್ಜೆಗೆ ಎರಡರಿಂದ ಮೂರು ಸೆಕೆಂಡು. ಸುತ್ತು ಮುಗಿದ ಮೇಲೆ ಕೈಮುಗಿದು ನಿಂತಲ್ಲೇ ಎರಡು ಮೂರು ಉಸಿರು ಅವರ ಪಾಡಿಗೆ ಬಿಡುತ್ತೇನೆ, ಆಗ ಎಣಿಕೆ ಇಲ್ಲ. ಜೊತೆಗೆ ಮೊದಲ ದಿನವೇ ಒಂದು ಮಾತು ಹೇಳಿಬಿಡುತ್ತೇನೆ: ಎಲ್ಲೇ ಉಸಿರು ಸಾಲದಿದ್ದರೂ ಅಲ್ಲೇ ನಿಂತು ಒಂದು ಉಸಿರು ಹೆಚ್ಚಿಗೆ ತೆಗೆದುಕೊಳ್ಳಿ, ಅದು ತಪ್ಪಲ್ಲ.

ಹೃದಯದ ಮಾತಿಗೆ ಬರೋಣ. ಆರೋಗ್ಯವಂತ ಮಗು ಪಾದಹಸ್ತಾಸನದಲ್ಲಿ ಉಸಿರು ಬಿಡುವ ಬದಲು ತೆಗೆದುಕೊಂಡರೆ ಹೃದಯಕ್ಕೆ ಏನೂ ಆಗುವುದಿಲ್ಲ. ಹೊಟ್ಟೆ ಮಡಚಿರುವಾಗ ಗಾಳಿ ಸರಿಯಾಗಿ ಒಳಗೆ ಹೋಗದು, ಮುಜುಗರ ಆಗುತ್ತದೆ, ಅಷ್ಟೇ. ಕ್ರಮ ತಪ್ಪುವುದಕ್ಕಿಂತ ಉಸಿರು ಕಟ್ಟಿ ಬಲ ಹಾಕುವುದೇ ತೊಂದರೆಯ ವಿಷಯ. ಗಂಟಲು ಬಿಗಿದು ಮುಕ್ಕಿರಿದಾಗ ಎದೆಯೊಳಗಿನ ಒತ್ತಡ ಏರುತ್ತದೆ. ಹೃದಯಕ್ಕೆ ವಾಪಸ್ ಬರುವ ರಕ್ತ ಕೆಲ ಕ್ಷಣ ಕಡಿಮೆಯಾಗುತ್ತದೆ. ಆಗ ಕಣ್ಣು ಕತ್ತಲೆ ಕಟ್ಟಬಹುದು. ಹೃದಯದ ತೊಂದರೆ ಇದೆ ಎಂದು ಮೊದಲೇ ಗೊತ್ತಿರುವ ಮಗುವನ್ನು ಮಾತ್ರ ವೈದ್ಯರ ಒಪ್ಪಿಗೆ ಸಿಗುವವರೆಗೆ ಸೇರಿಸಿಕೊಳ್ಳಬೇಡಿ.

ಈಗ ನಿಮ್ಮ ತರಗತಿ ಕಲಸಿಹೋಗುವ ಜಾಗ. ಉಸಿರಿನ ನಿಯಮ ಮಕ್ಕಳಿಗೆ ಒಂದೇ ಸಾಲಿನಲ್ಲಿ ಹೇಳಬಹುದು: ಎದೆ ತೆರೆದರೆ ಒಳಗೆ, ಹೊಟ್ಟೆ ಮಡಚಿದರೆ ಹೊರಗೆ. ಹಿಂದೆ ಬಾಗಿದಾಗ ಪಕ್ಕೆಲುಬು ಅಗಲವಾಗುತ್ತದೆ, ಗಾಳಿಗೆ ಜಾಗ ಸಿಗುತ್ತದೆ. ಮುಂದೆ ಬಾಗಿದಾಗ ಹೊಟ್ಟೆಯು ವಪೆಯನ್ನು ಮೇಲಕ್ಕೆ ತಳ್ಳುತ್ತದೆ, ಗಾಳಿ ತಾನಾಗಿ ಹೊರಬರುತ್ತದೆ. ಇದನ್ನು ಬಾಯಿಪಾಠ ಮಾಡಿಸಬೇಡಿ. ಒಮ್ಮೆ ಬೇಕಂತಲೇ ಉಲ್ಟಾ ಮಾಡಿಸಿ. ಬಗ್ಗುವಾಗ ಉಸಿರು ಎಳೆಯಲಿ, ಏಳುವಾಗ ಬಿಡಲಿ. ‘ಸರ್, ಸಿಕ್ಕಿಹಾಕಿಕೊಳ್ಳತ್ತೆ’ ಎಂದು ಅವರೇ ಹೇಳುತ್ತಾರೆ. ಆಮೇಲೆ ನೀವು ನೆನಪಿಸುವ ಕೆಲಸ ಅರ್ಧ ಉಳಿಯುತ್ತದೆ.

ಈ ನಿಯಮ ಮೊದಲ ನಾಲ್ಕು ಹೆಜ್ಜೆಗೆ ಚೆನ್ನಾಗಿ ಹೊಂದುತ್ತದೆ. ಕೊನೆಯ ಆರಕ್ಕೂ ಹೊಂದುತ್ತದೆ. ನಡುವಿನ ಐದು ಮತ್ತು ಆರರಲ್ಲಿ ಮಾತ್ರ ಕೈಕೊಡುತ್ತದೆ. ಪದ್ಧತಿಗಳು ಬೇರೆಯಾಗುವುದೂ ಇಲ್ಲಿಯೇ. ಕೆಲವರು ಐದರಲ್ಲಿ ಫಲಕದ ಹಾಗೆ ಮೈ ನೇರ ಚಾಚಿ ಉಸಿರು ಹಿಡಿಯಿರಿ ಎನ್ನುತ್ತಾರೆ. ಕೆಲವರು ಐದರಲ್ಲೇ ಪರ್ವತಾಸನ ಮಾಡಿಸಿ ಉಸಿರು ಬಿಡಿಸುತ್ತಾರೆ, ಆರರಲ್ಲಿ ಉಸಿರು ಹೊರಗೇ ನಿಲ್ಲಿಸಿ ಎನ್ನುತ್ತಾರೆ. ಇನ್ನು ಕೆಲವರಲ್ಲಿ ನಡುವೆ ಶಶಾಂಕಾಸನ ಬರುತ್ತದೆ. ಯಾವುದು ‘ನಿಜವಾದ’ ಸೂರ್ಯ ನಮಸ್ಕಾರ ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ. ನಿಮ್ಮ ಶಾಲೆಯಲ್ಲಿ ಯಾವುದು ನಡೆಯುತ್ತಿದೆಯೋ ಅದನ್ನೇ ಇಟ್ಟುಕೊಳ್ಳಿ. ಆದರೆ ಈ ವಯಸ್ಸಿನವರಿಗೆ ಉಸಿರು ಹಿಡಿಯುವ ಭಾಗವನ್ನು ತೆಗೆದುಹಾಕಿ. ಕುಂಭಕ ದೊಡ್ಡವರಾದ ಮೇಲೆ ಕಲಿತರೂ ನಷ್ಟವಿಲ್ಲ.

ನಿಮ್ಮದು ಫಲಕಾಸನದ ಪದ್ಧತಿ ಎಂದುಕೊಂಡು ಹೇಳುತ್ತೇನೆ. ನಾಲ್ಕರಲ್ಲಿ ಅಶ್ವ ಸಂಚಲನ, ಉಸಿರು ಒಳಗೆ. ಇನ್ನೊಂದು ಕಾಲನ್ನೂ ಹಿಂದಕ್ಕೆ ಚಾಚುತ್ತಾ ಉಸಿರು ಹೊರಗೆ. ಫಲಕದಲ್ಲಿ ನಿಂತು ಒಂದು ಉಸಿರು ಒಳಗೆ. ಅಷ್ಟಾಂಗಕ್ಕೆ ಇಳಿಯುತ್ತಾ ನಿಧಾನವಾಗಿ ಹೊರಗೆ. ಭುಜಂಗದಲ್ಲಿ ಒಳಗೆ, ಪರ್ವತದಲ್ಲಿ ಹೊರಗೆ. ಅಂದರೆ ನಡುವೆ ಒಂದು ಉಸಿರು ಹೆಚ್ಚಿಗೆ ಸೇರಿಸಿದ್ದೇವೆ, ಐದರ ಬದಲು ಆರು. ಇಷ್ಟಕ್ಕೇ ಗೊಂದಲ ಮುಕ್ಕಾಲು ಪಾಲು ಕರಗುತ್ತದೆ.

ಇದರಿಂದ ಇನ್ನೊಂದು ಲಾಭವಿದೆ. ನೀವು ಉಸಿರಿನ ತಪ್ಪು, ಭಂಗಿಯ ತಪ್ಪು ಎಂದು ಎರಡಾಗಿ ಬರೆದಿದ್ದೀರಿ. ಆರನೇ ಹೆಜ್ಜೆಯಲ್ಲಿ ಅವೆರಡೂ ಒಂದೇ ತಪ್ಪು. ನಾಲ್ಕರಲ್ಲಿ ಎಳೆದ ಉಸಿರನ್ನು ಮಗು ಬಿಡದೆ ಫಲಕದಲ್ಲಿ ಕಟ್ಟಿಕೊಂಡಿರುತ್ತದೆ. ತೋಳು ನಡುಗುತ್ತದೆ. ಅದಕ್ಕೆ ಬೇಗ ಮುಗಿಸಬೇಕು. ಉಸಿರು ಮತ್ತು ಮೈ ಎರಡನ್ನೂ ಒಟ್ಟಿಗೆ ಬಿಟ್ಟುಬಿಡುತ್ತದೆ, ದಬ್ಬನೆ ಹೊಟ್ಟೆ ನೆಲಕ್ಕೆ. ಉಸಿರು ನಿಧಾನವಾಗಿ ಹೊರಹೋಗುತ್ತಿದ್ದರೆ ಮೈಯೂ ಅದರ ಜೊತೆ ನಿಧಾನವಾಗಿ ಇಳಿಯುತ್ತದೆ.

ತೋಳಿನ ಬಲವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಕೈಕಾಲು ಸರಕ್ಕನೆ ಉದ್ದವಾಗುತ್ತವೆ, ಬಲ ತುಸು ತಡವಾಗಿ ಬರುತ್ತದೆ. ಮೈ ನೇರವಿಟ್ಟು ಫಲಕದಿಂದ ಕೆಳಗಿಳಿಯುವುದು ಎಷ್ಟೋ ದೊಡ್ಡವರಿಗೂ ಕಷ್ಟ. ಹಾಗಾಗಿ ಇಳಿಯುವ ಕ್ರಮ ಬದಲಿಸಿ. ಮೊದಲು ಎರಡೂ ಮೊಣಕಾಲು ನೆಲಕ್ಕೆ. ಸೊಂಟ ಒಂದಿಷ್ಟು ಹಿಂದಕ್ಕೆ. ಮೊಣಕೈ ಹೊರಗೆ ರೆಕ್ಕೆಯಂತೆ ಹರಡದೆ ಪಕ್ಕೆಗೆ ಒತ್ತಿಕೊಂಡು ಹಿಂದಕ್ಕೆ ಮಡಚಬೇಕು. ಎದೆ ಎರಡು ಅಂಗೈಗಳ ನಡುವೆ ಇಳಿಯಬೇಕು. ಕೊನೆಗೆ ಗದ್ದ. ಎರಡು ಪಾದ, ಎರಡು ಮೊಣಕಾಲು, ಎರಡು ಕೈ, ಎದೆ, ಗದ್ದ, ಈ ಎಂಟೇ ನೆಲ ಮುಟ್ಟಬೇಕು. ಹೊಟ್ಟೆಯ ಕೆಳಗೆ ಕೈ ತೂರಿಸುವಷ್ಟು ಜಾಗ ಉಳಿದಿದ್ದರೆ ಸರಿ.

ಇಲ್ಲಿ ಬಿದ್ದ ಮಗು ಏಳರಲ್ಲೂ ತಪ್ಪುತ್ತದೆ. ಅಷ್ಟಾಂಗದಿಂದ ಭುಜಂಗಕ್ಕೆ ಹೋಗುವಾಗ ಎದೆ ಮುಂದಕ್ಕೆ ಜಾರಬೇಕು, ಸೊಂಟ ನೆಲಕ್ಕೆ ಬರಬೇಕು, ಆಮೇಲೆ ಎದೆ ಏಳಬೇಕು. ಆಗಲೇ ಹೊಟ್ಟೆಯ ಮೇಲೆ ಬಿದ್ದವನಿಗೆ ಜಾರಲು ಏನೂ ಉಳಿದಿಲ್ಲ. ಅವನು ಕೈಯಿಂದ ನೆಲ ತಳ್ಳಿ ಏಳುತ್ತಾನೆ. ಮೊಣಕೈ ಸೆಟೆದು ನಿಲ್ಲುತ್ತದೆ, ಭುಜ ಕಿವಿಗೆ ತಾಗುತ್ತದೆ, ಸೊಂಟ ಮೇಲೇಳುತ್ತದೆ, ಕುತ್ತಿಗೆ ಹಿಂದಕ್ಕೆ ಬೀಳುತ್ತದೆ. ನೋಡುವವರಿಗೆ ‘ಎಷ್ಟು ಚೆನ್ನಾಗಿ ಎದ್ದಿದ್ದಾನೆ’ ಅನ್ನಿಸುತ್ತದೆ. ಭಾರವೆಲ್ಲ ಕೆಳಬೆನ್ನಿನ ಒಂದೇ ಜಾಗದ ಮೇಲೆ. ಇದಕ್ಕೊಂದು ಸುಲಭ ಪರೀಕ್ಷೆ ಇದೆ. ಭುಜಂಗದಲ್ಲಿದ್ದಾಗ ‘ಅಂಗೈ ನೆಲದಿಂದ ಒಂದು ಕ್ಷಣ ಎತ್ತಿ’ ಎನ್ನಿ. ಎದೆ ಎಲ್ಲಿಗೆ ಇಳಿದು ನಿಲ್ಲುತ್ತದೋ ಅದೇ ಆ ಮಗುವಿನ ಬೆನ್ನಿನ ಸ್ವಂತ ಎತ್ತರ. ಸದ್ಯಕ್ಕೆ ಅಷ್ಟು ಸಾಕು. ಮೊಣಕೈ ಸ್ವಲ್ಪ ಮಡಚಿರಲಿ, ನೋಟ ಎದುರಿಗಿರಲಿ.

ನಲವತ್ತು ಮಕ್ಕಳಲ್ಲಿ ಯಾರು ಉಸಿರು ಕಟ್ಟಿಕೊಂಡಿದ್ದಾರೆ ಎಂದು ಮುಂದೆ ನಿಂತು ತಿಳಿಯುವುದು ಹೇಗೆ? ಕಣ್ಣಿಗೆ ಕಾಣುವುದಿಲ್ಲ, ಆದರೆ ಕೇಳಿಸಿಕೊಳ್ಳಬಹುದು. ಕಲಿಯುವ ಹಂತದಲ್ಲಿ ಉಸಿರು ಬಿಡುವಾಗಲೆಲ್ಲ ಹಲ್ಲಿನ ನಡುವಿನಿಂದ ‘ಸ್ಸ್’ ಎಂದು ಸಣ್ಣ ಸದ್ದು ಮಾಡಿಸಿ. ತೆಗೆದುಕೊಳ್ಳುವುದು ಮೂಗಿನಿಂದಲೇ. ಆರನೇ ಹೆಜ್ಜೆಯಲ್ಲಿ ಇಡೀ ತರಗತಿಯಿಂದ ಉದ್ದನೆಯ ಸ್ಸ್ ಬಂದರೆ ಸರಿ ಹೋಗುತ್ತಿದೆ ಎಂದರ್ಥ. ಮೌನ ಇದ್ದರೆ ಕಟ್ಟಿಕೊಂಡಿದ್ದಾರೆ. ‘ಹಾ!’ ಎಂದು ಒಮ್ಮೆಲೇ ಬಂದರೆ ಬಿದ್ದಿದ್ದಾರೆ. ಮೊದಲೆರಡು ದಿನ ಮಕ್ಕಳು ಹಾವಿನಂತೆ ಬುಸುಗುಟ್ಟಿ ನಗುತ್ತಾರೆ, ನಗಲಿ ಬಿಡಿ. ಉಸಿರು ಕೂಡಿಬಂದ ಮೇಲೆ ಸದ್ದು ನಿಲ್ಲಿಸಿ, ಬಿಡುವುದನ್ನೂ ಮೂಗಿಗೆ ತನ್ನಿ.

ಒಬ್ಬ ಹುಡುಗನ ಉದಾಹರಣೆ ಕೊಡುತ್ತೇನೆ. ಆ ವರ್ಷವೇ ಉದ್ದಕ್ಕೆ ಬೆಳೆದಿದ್ದ, ಓಟದಲ್ಲಿ ಮುಂದು. ಸೂರ್ಯ ನಮಸ್ಕಾರದಲ್ಲಿ ಮಾತ್ರ ಆರರಲ್ಲಿ ಬೀಳುತ್ತಿದ್ದ, ಮೂರನೇ ಸುತ್ತಿನ ಹನ್ನೊಂದನೇ ಹೆಜ್ಜೆಯಲ್ಲಿ ತೂರಾಡುತ್ತಿದ್ದ. ತೋಳಿನ ಬಲ ಸಾಲದು ಎಂದು ಅವನಿಗೆ ದಂಡ ಹೊಡೆಸುತ್ತಿದ್ದರು. ನಾನು ಪಕ್ಕದಿಂದ ನೋಡಿದಾಗ ತಪ್ಪು ಮೂರರಲ್ಲೇ ಶುರುವಾಗಿತ್ತು. ಮೊಣಕಾಲು ಮಡಚಬಾರದು ಎಂದು ಅವನಿಗೆ ಹೇಳಿದ್ದರು. ಹಾಗಾಗಿ ಪಾದಹಸ್ತದಲ್ಲಿ ಬೆರಳ ತುದಿ ಮಾತ್ರ ನೆಲ ಮುಟ್ಟುತ್ತಿತ್ತು, ಅದೂ ಪಾದದಿಂದ ಒಂದು ಗೇಣು ಮುಂದೆ. ಆ ಕೈಯ ಮೇಲೇ ಭಾರ ಹಾಕಿ ಕಾಲು ಚಾಚಿದರೆ ಫಲಕ ಅತಿ ಉದ್ದ. ಭುಜ ಮಣಿಕಟ್ಟಿನ ಮೇಲೆ ಬರುವ ಬದಲು ಹಿಂದೆ ಉಳಿಯುತ್ತಿತ್ತು, ಸೊಂಟ ಜೋತುಬೀಳುತ್ತಿತ್ತು. ಅಲ್ಲಿಂದ ಯಾರಿಗೂ ನಿಧಾನವಾಗಿ ಇಳಿಯಲಾಗದು. ಉಸಿರು ಕಟ್ಟಿಕೊಳ್ಳದೆ ಅಲ್ಲಿ ನಿಲ್ಲುವುದೂ ಕಷ್ಟ.

ಮಾಡಿದ್ದು ಇಷ್ಟು. ಮೂರರಲ್ಲಿ ಮೊಣಕಾಲು ಧಾರಾಳವಾಗಿ ಮಡಚಲು ಬಿಟ್ಟೆವು, ಅಂಗೈ ಪಾದದ ಪಕ್ಕದಲ್ಲೇ ಪೂರ್ತಿ ಊರಿತು. ಅಂಗೈ ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದೆವು. ಮೂರರಿಂದ ಹತ್ತರವರೆಗೆ ಕೈ ಆ ಗೆರೆ ದಾಟುವಂತಿಲ್ಲ. ನಾಲ್ಕರಿಂದ ಏಳರವರೆಗಿನ ತುಂಡನ್ನು ಮಾತ್ರ ಎಣಿಕೆ ಇಲ್ಲದೆ, ಸ್ಸ್ ಸದ್ದಿನೊಂದಿಗೆ, ಮೊಣಕಾಲು ಮೊದಲು ಊರಿ ಮಾಡಿಸಿದೆವು. ಕೆಲವು ತರಗತಿಗಳಲ್ಲಿ ಬೀಳುವುದು ನಿಂತಿತು. ದಂಡ ಹೊಡೆಸಿದ್ದರಿಂದ ಆಗದ್ದು ಕೈ ಇಡುವ ಜಾಗ ಸರಿಯಾಗಿದ್ದರಿಂದ ಆಯಿತು. ಒಂಬತ್ತರಲ್ಲಿ ಮಾತ್ರ ಅವನ ಪಾದ ಒಂದೇ ಹೆಜ್ಜೆಗೆ ಕೈಗಳ ನಡುವೆ ಬರುತ್ತಿರಲಿಲ್ಲ. ಹಿಂದಿನ ಮೊಣಕಾಲು ಊರಿ, ಎರಡು ಹೆಜ್ಜೆಯಲ್ಲಿ ತರಲು ಬಿಟ್ಟೆವು. ಅದು ಕೊನೆವರೆಗೂ ಹಾಗೇ ಉಳಿಯಿತು, ನಮಗೂ ಅಭ್ಯಂತರ ಇರಲಿಲ್ಲ.

ಹಿಮ್ಮಡಿಯ ವಿಷಯವೂ ಇದೇ ಕಥೆ. ಎತ್ತರ ಬೇಗ ಏರುವ ವಯಸ್ಸಿನಲ್ಲಿ ಮೂಳೆ ಮುಂದೆ ಓಡುತ್ತದೆ. ತೊಡೆಯ ಹಿಂಬದಿಯ ಮತ್ತು ಮೀನಖಂಡದ ಸ್ನಾಯು ಹಿಂದೆ ಬೀಳುತ್ತವೆ. ಐದನೇ ತರಗತಿಯಲ್ಲಿ ಸಲೀಸಾಗಿ ಬಗ್ಗುತ್ತಿದ್ದ ಮಗು ಏಳರಲ್ಲಿ ಬಗ್ಗದೇ ಹೋದರೆ ಅದು ಸೋಮಾರಿತನ ಅಲ್ಲ. ‘ಹಿಮ್ಮಡಿ ಊರಲೇಬೇಕು’ ಎಂದು ಒತ್ತಾಯಿಸಿದರೆ ಮಕ್ಕಳು ಜಾಣತನದಿಂದ ಪಾದಗಳನ್ನು ಕೈಯ ಹತ್ತಿರಕ್ಕೆ ಸರಿಸಿಕೊಳ್ಳುತ್ತಾರೆ. ಹಿಮ್ಮಡಿ ಊರುತ್ತದೆ, ಬೆನ್ನು ಗೂನಾಗುತ್ತದೆ. ಪರ್ವತಾಸನದಲ್ಲಿ ನೋಡಬೇಕಾದ್ದು ಬೆನ್ನನ್ನು. ಮಣಿಕಟ್ಟಿನಿಂದ ಸೊಂಟದವರೆಗೆ ಒಂದೇ ಗೆರೆ ಇದ್ದರೆ ಮೊಣಕಾಲು ಮಡಚಿರಲಿ, ಹಿಮ್ಮಡಿ ಗಾಳಿಯಲ್ಲಿರಲಿ, ಪರವಾಗಿಲ್ಲ. ದಯವಿಟ್ಟು ಮಗುವಿನ ಬೆನ್ನಿನ ಮೇಲೆ ಕೈಯಿಟ್ಟು ಒತ್ತಬೇಡಿ. ಜೋಡಿ ಮಕ್ಕಳೂ ಒತ್ತದಂತೆ ನೋಡಿಕೊಳ್ಳಿ.

ತಲೆಸುತ್ತಿನಲ್ಲಿ ಎರಡು ಬಗೆ ಇದೆ, ಯಾವುದು ಎಂದು ನೋಡಿ. ಹತ್ತರಿಂದ ಹನ್ನೊಂದಕ್ಕೆ ಏಳುವಾಗ ಮಗು ತೂರಾಡಿದರೆ, ಮುಖ ಬಿಳಿಚಿದರೆ, ತಗ್ಗಿದ್ದ ತಲೆ ತಟ್ಟನೆ ಮೇಲೆದ್ದು ರಕ್ತದೊತ್ತಡ ಕೆಲ ಕ್ಷಣ ಇಳಿದಿದೆ. ಉಸಿರು ಕಟ್ಟಿದ್ದರೆ, ಏನೂ ತಿನ್ನದೆ ಬಂದಿದ್ದರೆ, ಇದು ಇನ್ನೂ ಜಾಸ್ತಿ. ಆ ಮಗುವನ್ನು ಮಲಗಿಸಿ ಕಾಲು ತುಸು ಎತ್ತರದಲ್ಲಿಡಿ. ಮುಂದಿನ ಸಲ ಹನ್ನೊಂದರಲ್ಲಿ ಹಿಂದಕ್ಕೆ ಬಾಗಿಸದೆ ಕೈ ಮೇಲೆತ್ತಿ ನಿಲ್ಲಿಸಿ ಸಾಕು, ತಲೆ ಕೊನೆಗೆ ಏಳಲಿ. ಇನ್ನೊಂದು ಬಗೆಯಲ್ಲಿ ಮಗು ‘ಬೆರಳು, ತುಟಿ ಜುಮ್ ಅನ್ನುತ್ತಿದೆ’ ಎನ್ನುತ್ತದೆ. ಇದು ಬೇಕಾದ್ದಕ್ಕಿಂತ ಜೋರಾಗಿ, ಬೇಗ ಬೇಗ ಉಸಿರಾಡಿದ್ದರಿಂದ ಬರುವುದು. ಹುರುಪಿನ ಮಕ್ಕಳಲ್ಲಿ ಇದು ಕಾಣುತ್ತದೆ. ಇವರಿಗೆ ‘ದೀರ್ಘ’ ಎಂಬ ಪದವನ್ನೇ ಹೇಳಬೇಡಿ, ಕೂರಿಸಿ ಮೆಲ್ಲಗೆ ಉಸಿರಾಡಲು ಬಿಡಿ. ಊಟವಾಗಿ ಮೂರು ಗಂಟೆ, ಹಗುರ ತಿಂಡಿಯಾಗಿ ಒಂದರಿಂದ ಒಂದೂವರೆ ಗಂಟೆ ಕಳೆದಿದ್ದರೆ ಒಳ್ಳೆಯದು. ನಿಮ್ಮ ಪೀರಿಯಡ್ ಹಾಗೆ ಹೊಂದದಿದ್ದರೆ ಸುತ್ತು ಕಡಿಮೆ ಮಾಡಿ. ಅಭ್ಯಾಸದಲ್ಲಿ ಮಗು ಪೂರ್ತಿ ಎಚ್ಚರ ತಪ್ಪಿದರೆ, ಅಥವಾ ತಲೆಸುತ್ತಿನ ಜೊತೆ ಎದೆನೋವು, ಎದೆಬಡಿತ ಹೇಳಿದರೆ, ಅದನ್ನು ಉಸಿರಿನ ತಪ್ಪು ಎಂದು ತಳ್ಳಿಹಾಕದೆ ವೈದ್ಯರ ಬಳಿ ಕಳಿಸಿ.

ನೋವಿಗೂ ಒಂದು ಗಡಿ ಇಟ್ಟುಕೊಳ್ಳಿ. ತೊಡೆಯ ಹಿಂದೆ ಎಳೆತ ಸಹಜ. ಹಿಂದಕ್ಕೆ ಬಾಗಿದಾಗಲೆಲ್ಲ ಕೆಳಬೆನ್ನು ನೋಯುತ್ತದೆ, ಮುಂದೆ ಬಗ್ಗಿದರೆ ಆರಾಮ ಎಂದು ಮಗು ಹೇಳಿದರೆ ಎರಡು ಮತ್ತು ಹನ್ನೊಂದರ ಬಾಗುವಿಕೆಯನ್ನೂ ಭುಜಂಗವನ್ನೂ ಕೂಡಲೇ ನಿಲ್ಲಿಸಿ. ಬೆಳೆಯುವ ವಯಸ್ಸಿನಲ್ಲಿ ಪದೇ ಪದೇ ಹಿಂದೆ ಬಾಗುವುದರಿಂದ ಬೆನ್ನುಮೂಳೆಯ ಹಿಂಭಾಗದಲ್ಲಿ ಸಣ್ಣ ಬಿರುಕು ಬರುವುದುಂಟು. ಎರಡು ವಾರದಲ್ಲಿ ಹೋಗದಿದ್ದರೆ ಮೂಳೆ ವೈದ್ಯರು ನೋಡಬೇಕು. ಮಣಿಕಟ್ಟಿನ ನೋವು ಮರುದಿನವೂ ಉಳಿದರೆ ಫಲಕ ಬಿಡಿಸಿ. ಅಸ್ತಮಾ ಇರುವ ಮಗುವಿಗೆ ವೈದ್ಯರು ಹೇಳಿದ ಇನ್ಹೇಲರ್ ಕೈಗೆ ಸಿಗುವಂತಿರಲಿ. ಮುಟ್ಟಿನ ದಿನಗಳಲ್ಲಿ ಹುಡುಗಿಯರು ಮಾಡಬಾರದು ಎಂಬುದಕ್ಕೆ ವೈದ್ಯಕೀಯ ಕಾರಣವಿಲ್ಲ. ಮಾಡುವುದು ಬಿಡುವುದು ಅವರಿಗೇ ಬಿಡಿ, ಕಾರಣ ಕೇಳಬೇಡಿ.

ಇನ್ನು ನಿಮ್ಮ ಒಂದೂವರೆ ತಿಂಗಳು. ಮೊದಲ ಎರಡು ವಾರ ಉಸಿರಿನ ಮಾತೇ ಬೇಡ. ಹನ್ನೆರಡನ್ನು ಮೂರು ತುಂಡು ಮಾಡಿ: ಒಂದರಿಂದ ಮೂರು, ನಾಲ್ಕರಿಂದ ಏಳು, ಎಂಟರಿಂದ ಹನ್ನೆರಡು. ನಡುವಿನ ತುಂಡಿಗೆ ಅರ್ಧ ಸಮಯ ಕೊಡಿ. ಮೂರನೇ ವಾರ ಸ್ಸ್ ಸದ್ದು ಸೇರಿಸಿ, ಉಸಿರು ಬಿಡುವುದನ್ನು ಮಾತ್ರ ಹೇಳಿ. ಪೂರ್ತಿ ಬಿಟ್ಟವರಿಗೆ ಒಳಗೆ ಎಳೆಯುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ನಾಲ್ಕನೇ ವಾರ ತುಂಡುಗಳನ್ನು ಜೋಡಿಸಿ, ಎಣಿಕೆ ಆಮೇಲೆ ಬರಲಿ.

ಪ್ರದರ್ಶನಕ್ಕೆ ಎರಡು ದಾರಿಗಳಿವೆ. ಎಲ್ಲರೂ ಒಂದೇ ಎಣಿಕೆಗೆ ಮಾಡಿದರೆ ನೋಡಲು ಚಂದ, ಆದರೆ ನಿಧಾನ ಉಸಿರಿನ ಮಕ್ಕಳು ಮತ್ತೆ ಕಟ್ಟಿಕೊಳ್ಳುತ್ತಾರೆ. ಅವರವರ ಗತಿಗೆ ಬಿಟ್ಟರೆ ಉಸಿರು ಚೆನ್ನಾಗಿರುತ್ತದೆ, ಸಾಲು ಮಾತ್ರ ಚದುರಿದಂತೆ ಕಾಣುತ್ತದೆ, ಹಿಂದಿನ ಸಾಲಿನಲ್ಲಿ ಯಾರು ಎಲ್ಲಿದ್ದಾರೆ ಎಂದು ನಿಮಗೂ ಗೊತ್ತಾಗದು. ನಾನಾದರೆ ನಡುವಿನ ದಾರಿ ಹಿಡಿಯುತ್ತೇನೆ. ಅಂಕಿಗಳ ಬದಲು ಒಂದೊಂದು ಆಸನದ ಹೆಸರು ಹೇಳುತ್ತೇನೆ. ಫಲಕದಲ್ಲಿ ಒಂದು ಉಸಿರು ಕಾಯುತ್ತೇನೆ. ಸುತ್ತಿನ ಕೊನೆಗೆ ಎಲ್ಲರೂ ಕೈಮುಗಿದು ನಿಂತು, ಉಸಿರು ಸಮವಾದ ಮೇಲೆಯೇ ಮುಂದಿನ ಸುತ್ತು ಶುರು ಮಾಡುತ್ತೇನೆ. ಹನ್ನೆರಡು ಸುತ್ತು ಬೇಕು ಎಂದು ಶಾಲೆಯವರು ಕೇಳಿದರೆ ನಾಲ್ಕಕ್ಕೆ ಒಪ್ಪಿಸಿ. ಎಡಗಾಲಿನಿಂದ ಎರಡು, ಬಲಗಾಲಿನಿಂದ ಎರಡು. ಐದು ನಿಮಿಷವೂ ಬೇಕಾಗುವುದಿಲ್ಲ. ಸಾಕ್ಸ್ ಬಿಚ್ಚಿಸುವುದನ್ನು ಮರೆಯಬೇಡಿ. ನಯವಾದ ನೆಲದ ಮೇಲೆ ಸಾಕ್ಸ್ ಹಾಕಿಕೊಂಡು ಫಲಕಕ್ಕೆ ಕಾಲು ಚಾಚಿದರೆ ಎಲ್ಲ ಕಲಿತವರೂ ಜಾರುತ್ತಾರೆ.